ಒಂದಕ್ಕೆ ಮೂರು

ಕಾಲೇಜಿನಲ್ಲಿ ನನ್ನ ಹೆಸರು ಎಪ್ಪತ್ತೈದು. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ, ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರಾಡಿಕೊಂಡಿದೆ. ನಾನು ಹಾಜರಿ ವಿಭಾಗದ ಗುಮಾಸ್ತ. ನೂರಕ್ಕೆ ಎಪ್ಪತ್ತೈದರಷ್ಟು ತರಗತಿಗೆ ಬಂದವರು ಪರೀಕ್ಷೆಗೆ ಕೂರಬಹುದು, ಬರದವರು ಮನೆಯಲ್ಲಿ ಕೂರಬಹುದು. ಈ ಒಂದೇ ವಾಕ್ಯವನ್ನು ಇಪ್ಪತ್ತೆರಡು ವರ್ಷ ಹೇಳಿದ್ದಕ್ಕೆ ಸಿಕ್ಕ ಬಿರುದು ಅದು. ‘ಎಪ್ಪತ್ತೈದು ಬಂತು ಕಣ್ರೋ’ ಅಂತ ಹುಡುಗರು ಮೆಟ್ಟಿಲ ಮೇಲೆ ಪಿಸುಗುಟ್ಟಿದರೆ ಕೇಳಿಸದವನಂತೆ ನಡೆಯುತ್ತಿದ್ದೆ. ಒಳಗೊಳಗೇ ಖುಷಿಯಾಗುತ್ತಿತ್ತು ಅನ್ನುವುದನ್ನು ಈಗ ಮುಚ್ಚಿಡುವುದೇಕೆ?

ನನ್ನ ಸಾಮ್ರಾಜ್ಯ ಅಂದರೆ ಒಂದು ಕಿಟಕಿ. ಗಾಜಿನ ಕೆಳಗೆ ಕೈ ತೂರುವಷ್ಟು ಅರ್ಧಚಂದ್ರದ ತೂತು. ಮಾತಾಡಬೇಕಾದವರು ಆ ತೂತಿನ ಮಟ್ಟಕ್ಕೆ ಬಗ್ಗಬೇಕು. ಅದನ್ನು ಸ್ವಲ್ಪ ಮೇಲೆ ಮಾಡಿಸೋಣವೇ ಅಂತ ಒಮ್ಮೆ ಬಡಗಿ ಕೇಳಿದ್ದ. ಬೇಡ, ಬಗ್ಗಲಿ ಬಿಡು ಅಂದಿದ್ದೆ. ಮೇಜಿನ ಮೇಲೆ ಕೆಂಪು ಶಾಯಿಯ ಪೆನ್ನು, ‘ಕೊರತೆ’ ಅನ್ನುವ ರಬ್ಬರ್ ಮುದ್ರೆ, ಬೆನ್ನ ಹಿಂದಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಪ್ರಶಂಸಾ ಪತ್ರ. ನಾನು ಬಂದ ಹೊಸದರಲ್ಲಿ ವರ್ಷಕ್ಕೆ ಅರವತ್ತು ಜನಕ್ಕೆ ಹಾಜರಿ ಸಾಲದೆ ಪರೀಕ್ಷೆ ತಪ್ಪುತ್ತಿತ್ತು. ಮೂರು ವರ್ಷದ ಹಿಂದೆ ಅದು ಹನ್ನೆರಡಕ್ಕೆ ಇಳಿಯಿತು. ‘ಇವರ ಶಿಸ್ತಿನ ಫಲ’ ಅಂತ ಪ್ರಿನ್ಸಿಪಾಲರು ಎಲ್ಲರೆದುರು ಕೊಟ್ಟ ಪತ್ರ ಅದು. ಒರೆಸುವ ಬಟ್ಟೆ ಕೂಡ ಅದಕ್ಕೆಂದೇ ಬೇರೆ ಇಟ್ಟಿದ್ದೆ.

ಇಂಥ ನನಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ವಿದ್ಯಾರ್ಥಿಯಾಗುವ ಯೋಗ ಬಂತು. ಕಚೇರಿಯ ಸೂಪರಿಂಟೆಂಡೆಂಟ್ ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ನನ್ನ ಸರದಿ. ಆದರೆ ಕಚೇರಿ ಆಡಳಿತದ ಸರ್ಟಿಫಿಕೇಟ್ ಇರಲೇಬೇಕೆಂದು ಹೊಸ ನಿಯಮ. ಐವತ್ತೈದು ದಾಟಿದವರಿಗೆ ಬಡ್ತಿ ಇಲ್ಲ ಎಂಬುದು ಹಳೆಯ ನಿಯಮ. ಎರಡರ ನಡುವೆ ನನಗೆ ಉಳಿದಿದ್ದದ್ದು ಒಂದೇ ಟರ್ಮು. ನಮ್ಮ ಕಾಲೇಜಿನಲ್ಲೇ ಸಂಜೆ ಆರರಿಂದ ಏಳು, ಸೋಮವಾರದಿಂದ ಶನಿವಾರ, ಹನ್ನೆರಡು ವಾರ ಆ ತರಗತಿ ನಡೆಯುತ್ತಿತ್ತು. ಸೇರಿಕೊಂಡೆ.

ಸೇರಿಕೊಂಡೆ ಅಂದರೆ ಹೆಸರು ಸೇರಿತು, ನಾನು ಸೇರಿದ್ದು ಕಮ್ಮಿ. ಐದಕ್ಕೆ ಕಚೇರಿ ಮುಗಿದರೆ ಮನೆಗೆ ಹೋಗಿ ಒಂದು ಲೋಟ ಟೀ ಕುಡಿದು ಬರೋಣ ಅನ್ನಿಸುವುದು. ಟೀ ಕುಡಿದರೆ ಐದೇ ನಿಮಿಷ ಕಾಲು ಚಾಚೋಣ ಅನ್ನಿಸುವುದು. ಕಣ್ಣು ಬಿಟ್ಟರೆ ಆರೂ ಮುಕ್ಕಾಲು.

“ರೀ, ಕ್ಲಾಸು ಇತ್ತಲ್ಲ?” ಅಂತ ಹೆಂಡತಿ ಕೇಳುವಳು.

“ಹಾಜರಿ ವಿಷಯ ನನಗೆ ಹೇಳಿಕೊಡ್ತೀಯಾ? ಎಷ್ಟು ಬಿಟ್ಟರೆ ಎಷ್ಟು ಅಂತ ನನಗೆ ಗೊತ್ತಿಲ್ವೇನೇ?”

“ಗೊತ್ತಿರೋರ ಗೊರಕೆ ಪಕ್ಕದ ಮನೆಗೂ ಕೇಳಿಸ್ತಿತ್ತು,” ಅನ್ನುವಳು.

ಎಂಟು ವಾರ ಕಳೆಯಿತು. ನಡೆದ ತರಗತಿ ನಲವತ್ತೆಂಟು, ನಾನು ಬಂದದ್ದು ಮೂವತ್ತು. ಶೇಕಡಾ ಅರವತ್ತೆರಡೂವರೆ. ಕೊರತೆ ಇರುವವರಿಗೆ ಎಚ್ಚರಿಕೆ ಪತ್ರ ಹೋಗಬೇಕು. ನನ್ನ ಹೆಸರಿನ ಪತ್ರವನ್ನು ನಾನೇ ಟೈಪ್ ಮಾಡಿ, ನಾನೇ ಮುದ್ರೆ ಒತ್ತಿ, ಅರ್ಧಚಂದ್ರದ ತೂತಿನಿಂದ ಹೊರಗೆ ತಳ್ಳಿ, ಸುತ್ತಿಕೊಂಡು ಹೋಗಿ ನಾನೇ ತೆಗೆದುಕೊಂಡೆ. ಅಷ್ಟು ಬಗ್ಗಿದಾಗ ಸೊಂಟ ಹಿಡಿದುಕೊಂಡಿತು.

ಗಾಬರಿಯೇನೂ ಆಗಲಿಲ್ಲ. ಲೆಕ್ಕ ಕೈಬೆರಳಲ್ಲೇ ಇತ್ತಲ್ಲ! ನಲವತ್ತೆಂಟರಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಅಂದರೆ ಮೂವತ್ತಾರು. ಬಂದದ್ದು ಮೂವತ್ತು. ಕೊರತೆ ಆರು. ಆರು ತರಗತಿಗೆ ಬಂದರೆ ಮುಗೀತು. ಕಿಟಕಿಗೆ ಬಂದ ಎಲ್ಲರಿಗೂ ಇಪ್ಪತ್ತೆರಡು ವರ್ಷ ಇದೇ ಲೆಕ್ಕ ಹೇಳಿದ್ದೆ, ಕಾಗದದ ಚೂರಿನಲ್ಲಿ ಅಂಕಿ ಬರೆದೂ ಕೊಟ್ಟಿದ್ದೆ. ಕೊನೆಗೆ ಟರ್ಮು ಮುಗಿದಾಗ ಕೆಲವರು ಮತ್ತೆ ಬಂದು, “ಸರ್, ನೀವು ಹೇಳಿದಷ್ಟೂ ಬಂದಿದ್ದೆ ಸರ್, ಆದ್ರೂ ಕೊರತೆ ಅಂತಿದೆ” ಅಂತ ಅಳುಮುಖ ಮಾಡುವರು. “ನನ್ನ ಹತ್ರ ಸುಳ್ಳು ಹೇಳ್ಬೇಡ. ಮಧ್ಯ ಚಕ್ಕರ್ ಹೊಡೆದಿರ್ತೀಯ” ಅಂತ ಗದರಿ ಕಳಿಸುತ್ತಿದ್ದೆ.

ಸರಿ, ಆ ವಾರ ಟೀ ತ್ಯಾಗ ಮಾಡಿದೆ. ಸೋಮವಾರದಿಂದ ಶನಿವಾರದವರೆಗೆ ಆರಕ್ಕೆ ಆರೂ ತರಗತಿಗೆ ಹೋಗಿ ಮೊದಲ ಬೆಂಚಿನಲ್ಲಿ ಕೂತೆ. ಪಾಠ ಮಾಡುವ ಮೇಷ್ಟ್ರು ನನ್ನ ಅರ್ಧ ವಯಸ್ಸಿನವರು. ಏನೇ ಹೇಳಿದರೂ ಕೊನೆಗೆ “ಅಲ್ವಾ ಸರ್?” ಅಂತ ನನ್ನನ್ನೇ ಕೇಳುವರು. ನಾನೂ ಗಂಭೀರವಾಗಿ ತಲೆ ಆಡಿಸುತ್ತಿದ್ದೆ.

ಮುಂದಿನ ಸೋಮವಾರ ಮಧ್ಯಾಹ್ನ ಬಡ್ತಿಯ ಅರ್ಜಿಗೆ ಲಗತ್ತಿಸಲು ಹಾಜರಿ ಪುಟದ ಪ್ರತಿ ಬೇಕಾಯಿತು. ಕಚೇರಿಯ ಯಂತ್ರ ಕೆಟ್ಟಿತ್ತು. ಎದುರಿನ ರಸ್ತೆ ದಾಟಿದರೆ ಜೆರಾಕ್ಸ್ ಅಂಗಡಿ. ಹುಡುಗರೆಲ್ಲ ‘ಜೆರಾಕ್ಸ್ ಅಕ್ಕ’ ಅನ್ನುವ ಹೆಂಗಸೊಬ್ಬಳು ಎಂಟು ವರ್ಷದಿಂದ ಅದನ್ನು ನಡೆಸುತ್ತಿದ್ದಳು. ಮೂವತ್ತೆರಡು ಮೂವತ್ತಮೂರರ ವಯಸ್ಸು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು. ಯಂತ್ರ, ಬೈಂಡಿಂಗ್ ಮಾಡುವ ಸಲಕರಣೆ, ಒಂದು ಸ್ಟೂಲು, ಅಷ್ಟಕ್ಕೇ ಅಂಗಡಿ ತುಂಬಿಹೋಗಿತ್ತು. ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ನನ್ನ ಕೆಲಸಕ್ಕೆಲ್ಲ ಜವಾನ ಇದ್ದನಲ್ಲ!

“ಎರಡು ಪ್ರತಿ ಕೊಡಮ್ಮ. ಬೇಗ. ಸಂಜೆ ಭಾವಮೈದುನನ ಮನೆಗೆ ಹೋಗ್ಬೇಕು.”

ಅವಳು ಪುಟವನ್ನು ಗಾಜಿನ ಮೇಲಿಡಲು ಹೋದವಳು ನಿಂತಳು. “ಸಂಜೆ ಕ್ಲಾಸ್ ಇದ್ಯಲ್ಲ ಸರ್ ನಿಮಗೆ?”

“ಇದೆ. ಇವತ್ತು ಹೋಗಲ್ಲ. ನನ್ನ ಕೊರತೆ ತುಂಬಿಕೊಂಡಾಯ್ತು. ಆರು ಇತ್ತು, ಆರೂ ಬಂದೆ.”

“ತುಂಬಿಲ್ಲ ಸರ್.”

ನನಗೆ ನಗು ಬಂತು. ಮೀನಿಗೆ ಈಜು ಹೇಳಿಕೊಡ್ತಾಳಲ್ಲ ಇವಳು ಅನ್ನಿಸಿತು. ಅವಳು ವಾದ ಮಾಡಲಿಲ್ಲ. ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದಳು. “ನೀವೇ ಒತ್ತಿ. ಒಟ್ಟು ಐವತ್ತನಾಲ್ಕು. ಬಂದದ್ದು ಮೂವತ್ತಾರು.”

ಒತ್ತಿದೆ. ಅರವತ್ತಾರು ಪಾಯಿಂಟ್ ಆರು ಆರು ಆರು. ಅಳಿಸಿ ಮತ್ತೆ ಒತ್ತಿದೆ. ಅಷ್ಟೇ. ಬ್ಯಾಟರಿ ಹೋಗಿರಬೇಕು ಅಂದೆ. ಅವಳು ಮೊಬೈಲ್ ಕೊಟ್ಟಳು. ಮೊಬೈಲೂ ಅವಳ ಕಡೆಯೇ ಇತ್ತು.

“ಆರು ಕ್ಲಾಸಿಗೆ ನೀವು ಬಂದ್ರಿ, ಸರಿ. ಆದ್ರೆ ಆ ಆರು ಕ್ಲಾಸು ನಡೆದೂ ಬಿಟ್ವಲ್ಲ ಸರ್. ಬಂದದ್ದು ಮೂವತ್ತಾರಾದಾಗ ಒಟ್ಟು ನಲವತ್ತೆಂಟರಲ್ಲೇ ಕೂತಿರತ್ತಾ? ಅದೂ ಐವತ್ತನಾಲ್ಕಾಯ್ತು,” ಅಂದಳು. “ಟರ್ಮು ಮುಗಿದ ಮೇಲೆ ಒಟ್ಟು ಬೆಳೆಯಲ್ಲ, ಆಗ ನಿಮ್ಮ ಲೆಕ್ಕ ಸರಿ. ಮಧ್ಯದಲ್ಲಿ ಹಾಗಲ್ಲ. ಸುಲಭವಾಗಿ ಹೇಳ್ತೀನಿ ಕೇಳಿ. ನೂರಕ್ಕೆ ಎಪ್ಪತ್ತೈದು ಅಂದ್ರೆ ನಾಲ್ಕಕ್ಕೆ ಮೂರು. ಒಂದು ತಪ್ಪಿಸಿದ್ರೆ ಮೂರು ಬರ್ಬೇಕು. ನೀವು ತಪ್ಪಿಸಿದ್ದು ಎಷ್ಟು?”

“ಹದಿನೆಂಟು.”

“ಹದಿನೆಂಟು ಮೂರಲಿ?”

“ಐವತ್ತನಾಲ್ಕು,” ಅಂದೆ. ಮಗ್ಗಿ ಒಪ್ಪಿಸುವ ಹುಡುಗನ ದನಿ ಬಂದಿತ್ತು.

“ಬಂದಿರೋದು ಮೂವತ್ತಾರು. ಇನ್ನು ಹದಿನೆಂಟು ಬರ್ಬೇಕು, ಒಂದೂ ಬಿಡದೆ. ಎಷ್ಟು ಕ್ಲಾಸ್ ಉಳಿದಿದೆ ಸರ್?”

ಮೂರು ವಾರ, ವಾರಕ್ಕೆ ಆರು. ಹದಿನೆಂಟು. ಭಾವಮೈದುನನ ಮನೆಯ ಮೆಟ್ಟಿಲು ಹತ್ತಿದ್ದರೆ ಆ ಕುರ್ಚಿ ಅಲ್ಲಿಗೇ ಹೋಗುತ್ತಿತ್ತು.

“ಇದೆಲ್ಲ ನಿಂಗೆ ಹೇಗಮ್ಮ ಗೊತ್ತು?”

ಅವಳು ಪುಟವನ್ನು ಗಾಜಿನ ಮೇಲಿಟ್ಟು ಮುಚ್ಚಳ ಮುಚ್ಚಿದಳು. ಹಸಿರು ಬೆಳಕು ಆ ಕಡೆಯಿಂದ ಈ ಕಡೆಗೆ ಹೋಯಿತು. “ಹನ್ನೊಂದು ವರ್ಷದ ಹಿಂದೆ ನಾನೂ ನಿಮ್ಮ ಕಿಟಕಿಗೆ ಬಂದಿದ್ದೆ ಸರ್. ಡಿಗ್ರಿ ಕೊನೇ ಟರ್ಮು. ನಲವತ್ತಕ್ಕೆ ಇಪ್ಪತ್ತಾರು ಇತ್ತು. ನೀವು ‘ನಾಲ್ಕು ಬಾ, ಸಾಕು’ ಅಂತ ಬರೆದುಕೊಟ್ರಿ. ನಾಲ್ಕು ಬಂದೆ. ಇನ್ನೇನು ಭಯ ಇಲ್ಲ ಅಂದ್ಕೊಂಡೆ. ಆಮೇಲೆ ಅಮ್ಮಂಗೆ ಆಪರೇಷನ್ ಆಯ್ತು, ಎರಡು ದಿನ ಆಸ್ಪತ್ರೇಲಿ ಕೂತೆ. ಅಷ್ಟೇ ತಪ್ಪಿಸಿದ್ದು. ಒಟ್ಟು ಅರವತ್ತಾಯ್ತು, ನಂದು ನಲವತ್ತನಾಲ್ಕು. ಎಪ್ಪತ್ತಮೂರು ಚಿಲ್ರೆ.”

“ಮತ್ತೆ ನೀನು...”

“ಬಂದು ಕೇಳ್ದೆ. ‘ಸುಳ್ಳು ಹೇಳ್ಬೇಡ, ಚಕ್ಕರ್ ಹೊಡೆದಿರ್ತೀಯ’ ಅಂದ್ರಿ. ನಾನು ಒಂದೇ ದಿನ ಬಿಡಬಹುದಿತ್ತು ಸರ್, ಎರಡಲ್ಲ. ಅದು ಮೊದಲೇ ಗೊತ್ತಿದ್ರೆ ಎರಡನೇ ದಿನ ಅಣ್ಣನ್ನ ಕೂರಿಸಿ ಬರ್ತಿದ್ದೆ.” ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಆ ವರ್ಷ ಹೋಯ್ತು. ಆಮೇಲೆ ಮದುವೆ, ಅಂಗಡಿ. ಮತ್ತೆ ಆ ಕಡೆ ಬರಲಿಲ್ಲ.”

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಆಗ ಕಾಲೇಜಿನ ಹುಡುಗಿಯೊಬ್ಬಳು ಎಚ್ಚರಿಕೆ ಪತ್ರ ಹಿಡಿದುಕೊಂಡು ಬಂದಳು. ಆ ಪತ್ರಕ್ಕೆ ಪೋಷಕರ ಸಹಿ ಮಾಡಿಸಿ ಎರಡು ಪ್ರತಿ ಕೊಡಬೇಕೆಂಬುದು ನನ್ನದೇ ಕಟ್ಟಳೆ. ಜೆರಾಕ್ಸ್ ಅಕ್ಕ ಪತ್ರ ನೋಡಿ ಕಿವಿಯಿಂದ ಪೆನ್ಸಿಲು ತೆಗೆದು, ಪ್ರತಿಯ ಹಿಂದೆ ಒಂದು ಅಂಕಿ ಬರೆದಳು. “ಐದಲ್ಲ ಪುಟ್ಟಿ, ಇಪ್ಪತ್ತು. ಒಂದೂ ಬಿಡಬೇಡ.” ಹುಡುಗಿ ನನ್ನ ಮುಖ ನೋಡಿ, ಬಾಯಿ ಮುಚ್ಚಿಕೊಂಡು ನಗುತ್ತಾ ಓಡಿದಳು.

ಗೋಡೆಯ ಮೇಲಿನ ಪ್ರಶಂಸಾ ಪತ್ರ ಆಗ ನೆನಪಾಯಿತು. ಅರವತ್ತಿದ್ದ ಕೊರತೆ ಹನ್ನೆರಡಕ್ಕೆ ಇಳಿದದ್ದು ಯಾವಾಗಿನಿಂದ? ಈ ಅಂಗಡಿ ತೆರೆದ ಮೇಲೆ. ನಾನು ಕಿಟಕಿಯೊಳಗೆ ಕೂತು ತಪ್ಪು ಅಂಕಿ ಬರೆದುಕೊಟ್ಟೆ, ಇವಳು ರಸ್ತೆಯಾಚೆ ಕೂತು ಅದರ ಹಿಂಬದಿಗೆ ಸರಿಯಾದ ಅಂಕಿ ಬರೆದಳು, ಹಾರ ನನ್ನ ಕೊರಳಿಗೆ ಬಿತ್ತು. ಅವತ್ತು ಭಾಷಣ ಬೇರೆ ಮಾಡಿದ್ದೆ ನಾನು. ಹದಿನೈದು ನಿಮಿಷ.

ಆ ಸಂಜೆ ತರಗತಿಗೆ ಹೋದೆ. ಮರುದಿನವೂ. ಕೆಮ್ಮು ಬಂತು, ಹೋದೆ. ಚಪ್ಪಲಿ ಕಿತ್ತುಹೋಯಿತು, ಬರಿಗಾಲಲ್ಲಿ ಹೋದೆ. ಮೇಷ್ಟ್ರು ಸೀನಿದರೆ ನನಗೆ ಜೀವ ಹೋದಂತಾಗುವುದು. ಬೇರೆಯವರಿಗೆಲ್ಲ ಮೇಷ್ಟ್ರು ಬರದಿದ್ದರೆ ಹಬ್ಬ. ನನಗೆ ಮಾತ್ರ ನಡೆಯದ ತರಗತಿಯೂ ಶತ್ರು. ಎಪ್ಪತ್ತೆರಡು ತರಗತಿ ಪೂರ್ತಿ ನಡೆದು ನಾನು ಉಳಿದದ್ದಕ್ಕೆಲ್ಲ ಬಂದರೆ ತಾನೇ ಐವತ್ತನಾಲ್ಕು? ಒಂದು ರದ್ದಾದರೂ ಎಪ್ಪತ್ತೊಂದಕ್ಕೆ ಐವತ್ತಮೂರು. ಅದು ಎಪ್ಪತ್ತನಾಲ್ಕು ಪಾಯಿಂಟ್ ಆರು ಐದು. ಮೇಷ್ಟ್ರಿಗೆ ದಿನಾ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯತೊಡಗಿದೆ.

“ನನ್ನ ಬಾಣಂತನದಲ್ಲಿ ಒಂದು ಲೋಟ ನೀರು ಕೊಟ್ಟೋರಲ್ಲ,” ಅಂದಳು ಹೆಂಡತಿ. ಹೇಳಿದರೂ ಫ್ಲಾಸ್ಕು ತುಂಬಿಸಿಕೊಟ್ಟಳು.

ಹದಿನೇಳು ಮುಗಿಯಿತು. ಕೊನೆಯ ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಐದೂವರೆಗೇ ಹೋದೆ. ಮೆಟ್ಟಿಲ ಬುಡದಲ್ಲಿ ಸಹಪಾಠಿಗಳೆಲ್ಲ ನಗುತ್ತಾ ನಿಂತಿದ್ದರು. ಮೇಲಿನ ತೊಟ್ಟಿಯ ಪೈಪು ಒಡೆದು ತರಗತಿಯ ಕೋಣೆಯಲ್ಲಿ ಮೊಣಕಾಲುದ್ದ ಅಲ್ಲದಿದ್ದರೂ ಕಣಕಾಲುದ್ದ ನೀರು. ಸ್ವಿಚ್ ಬೋರ್ಡಿಗೂ ನೀರಿಳಿದು, ಎಲೆಕ್ಟ್ರಿಷಿಯನ್ ಇಡೀ ಕಟ್ಟಡದ ಫ್ಯೂಸ್ ಕಿತ್ತು ಬಾಗಿಲು ಹಾಕಿಸಿದ್ದ.

“ಕ್ಲಾಸ್ ಇಲ್ಲ ಸರ್ ಇವತ್ತು!” ಅಂತ ಒಬ್ಬ ಚಪ್ಪಾಳೆ ತಟ್ಟಿದ.

“ಅಂಗಳದಲ್ಲಿ ಮಾಡೋಣ ಮೇಷ್ಟ್ರೇ,” ಅಂದೆ. “ಮರದ ಕೆಳಗೆ. ನಿಂತ್ಕೊಂಡೇ ಕೇಳ್ತೀವಿ.”

“ಪ್ರಿನ್ಸಿಪಾಲರು ಆಗಲೇ ರದ್ದು ಅಂತ ಆರ್ಡರ್ ಹಾಕಿದ್ದಾರೆ ಸರ್. ಎಲ್ಲರೂ ಹೊರಟೂ ಹೋದ್ರು ನೋಡಿ.” ಮೇಷ್ಟ್ರಿಗೆ ನನ್ನ ಮುಖ ನೋಡಿ ಕನಿಕರವಾಯಿತು. “ಸೋಮವಾರ ಇಟ್ಕೊಳ್ಳೋಣ ಅಂದ್ರೆ, ಮುಕ್ತಾಯದ ದಿನದ ನಂತರ ನಡೆದ ಕ್ಲಾಸು ಲೆಕ್ಕಕ್ಕಿಲ್ಲ ಅಂತ ಸುತ್ತೋಲೆ ಇದೆ.”

ಇರದೇ ಏನು? ಆರು ವರ್ಷದ ಹಿಂದೆ ಅದನ್ನು ಬರೆದವನು ನಾನೇ. ಎಂಥ ಅಡ್ಡ ತೂತೂ ಬಿಡದ ಹಾಗೆ ಬರೆದಿದ್ದೀಯಯ್ಯಾ ಅಂತ ಹಳೆಯ ಸೂಪರಿಂಟೆಂಡೆಂಟ್ ಬೆನ್ನು ತಟ್ಟಿದ್ದರು.

ಮೇಷ್ಟ್ರು ಸುತ್ತ ನೋಡಿ ಹತ್ತಿರ ಬಂದರು. “ಸರ್, ಇವತ್ತು ಕ್ಲಾಸ್ ನಡೀತು ಅಂತ ಬರೆದು ಎಲ್ಲರಿಗೂ ಹಾಜರಿ ಹಾಕಿಬಿಡ್ತೀನಿ. ಯಾರಿಗೂ ನಷ್ಟ ಇಲ್ಲ. ನೋಡೋರು ತಾನೇ ಯಾರು? ನೀವೇ.” ಬೇಡ ಅನ್ನಲು ಬಾಯಿ ಬರಲಿಲ್ಲ. ಹಾಕಿ ಅನ್ನಲೂ ಬರಲಿಲ್ಲ. “ರಿಜಿಸ್ಟರ್ ಖಾಲಿ ಬಿಟ್ಟು ಕಳಿಸಿ, ಸೋಮವಾರ ನೋಡೋಣ,” ಅಂದೆ.

ಭಾನುವಾರವೆಲ್ಲ ನಾನು ಸೂಪರಿಂಟೆಂಡೆಂಟ್ ಆಗಿದ್ದೆ. ಒಂದು ಸಾಲು ಗುರುತು, ಅಷ್ಟೇ. ಸೋಮವಾರ ರಿಜಿಸ್ಟರ್ ಮೇಜಿನ ಮೇಲೆ ಬಂತು. ಕೊನೆಯ ಅಂಕಣ ಖಾಲಿ. ಪೆನ್ನಿನ ಮುಚ್ಚಳ ತೆಗೆದೆ. ಹಾಕುವ ಮನಸ್ಸು ಪೂರ್ತಿ ಇತ್ತು, ಸತ್ಯ ಹೇಳುತ್ತೇನೆ. ಆಗ ಕಿಟಕಿಯ ತೂತಿಗೆ ಒಬ್ಬ ಹುಡುಗ ಬಗ್ಗಿದ. “ಸರ್, ಎಪ್ಪತ್ತನಾಲ್ಕೂವರೆ ಇದೆ ನಂದು. ಏನಾದ್ರೂ ಮಾಡೋಕಾಗತ್ತಾ ಸರ್?”

“ಆಗಲ್ಲ ಕಣಪ್ಪ,” ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಎಷ್ಟು ಸಲ ಹೇಳಿದ್ದೆನೋ, ಆದರೆ ಆ ಸಲ ಅವನ ಮುಖ ನೋಡದೆ ಹೇಳಿದೆ. ಅವನು ಹೋದ ಮೇಲೆ ರಿಜಿಸ್ಟರಿನ ಕಡೆ ತಿರುಗಿದೆ. ದೊಡ್ಡತನ ಗಿಡ್ಡತನ ಏನೂ ಅಲ್ಲ. ಎದುರಿನ ಅಂಗಡಿಯಿಂದ ಒಬ್ಬಳು ಈ ಕಿಟಕಿಯನ್ನು ಎಂಟು ವರ್ಷ ನೋಡಿಕೊಂಡಿದ್ದಾಳಲ್ಲ ಅನ್ನುವುದೊಂದು ತಲೆಯಲ್ಲಿ ಕೂತುಬಿಟ್ಟಿತ್ತು. ಕೊನೆಯ ಅಂಕಣಕ್ಕೆ ‘ರದ್ದು’ ಅಂತ ಬರೆದೆ. ನನ್ನ ಹೆಸರಿನ ಮುಂದೆ 74.65 ಅಂತ ಬರೆದು ‘ಕೊರತೆ’ ಮುದ್ರೆ ಒತ್ತಿದೆ. ಅಷ್ಟು ಸ್ಪಷ್ಟವಾಗಿ ಆ ಮುದ್ರೆ ಬಿದ್ದದ್ದು ಅದೇ ಮೊದಲು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕುರ್ಚಿಗೆ ಬೇರೆ ಕಾಲೇಜಿನಿಂದ ಒಬ್ಬರು ಬಂದರು. “ಅಯ್ಯೋ, ಎಪ್ಪತ್ತೈದಕ್ಕೇ ಎಪ್ಪತ್ತೈದು ಆಗ್ಲಿಲ್ವಂತೆ!” ಅಂತ ಮೆಟ್ಟಿಲ ಮೇಲೆ ಹುಡುಗರು ಒಂದು ತಿಂಗಳು ನಕ್ಕರು. ನಾನಾಗಿದ್ದರೂ ನಗುತ್ತಿದ್ದೆ.

ಒಂದು ದಿನ ಪ್ರಶಂಸಾ ಪತ್ರವನ್ನು ಗೋಡೆಯಿಂದ ಇಳಿಸಿ, ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ರಸ್ತೆ ದಾಟಿದೆ. “ಇದು ನಿಂದಮ್ಮ. ತಪ್ಪು ವಿಳಾಸಕ್ಕೆ ಬಂದಿತ್ತು,” ಅಂದೆ. ತಪ್ಪಾಯ್ತು ಅನ್ನುವ ಮಾತನ್ನೂ ಹೇಳಿದೆ. ಅದನ್ನು ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದರೂ ತೊದಲಿದೆ.

“ಎಲ್ಲಿ ಹಾಕ್ಲಿ ಸರ್? ಗೋಡೇನೇ ಇಲ್ವಲ್ಲ ಇಲ್ಲಿ,” ಅಂತ ನಕ್ಕಳು.

ಬಟ್ಟೆಯೊಳಗೆ ಇನ್ನೊಂದು ಕಾಗದವನ್ನೂ ಇಟ್ಟಿದ್ದೆ, ಮರುಸೇರ್ಪಡೆಯ ಅರ್ಜಿ. ಹಾಜರಿ ಕೊರತೆಯಿಂದ ಟರ್ಮು ಕಳೆದುಕೊಂಡವರು ಹನ್ನೆರಡು ವರ್ಷದೊಳಗೆ ಅದೇ ಟರ್ಮಿಗೆ ಮತ್ತೆ ಸೇರಬಹುದು ಅಂತ ನಮ್ಮ ಕಾಲೇಜಿನಲ್ಲಿ ಒಂದು ನಿಯಮ ಇದೆ. ನನಗೆ ಬಾಯಿಪಾಠ ಬರುತ್ತಿತ್ತು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳದು ಹನ್ನೊಂದು ಮುಗಿದು ಹನ್ನೆರಡು ನಡೆಯುತ್ತಿತ್ತು.

ಅವಳು ಅರ್ಜಿಯನ್ನು ಎರಡು ಸಲ ಓದಿದಳು. “ಸಂಜೆ ಆರರಿಂದ ಎಂಟು. ಅಂಗಡಿಗೆ ಗಿರಾಕಿ ಬರೋದೇ ಆಗ ಸರ್. ಯಾರು ನೋಡ್ಕೋತಾರೆ?”

“ನಾನು. ಆರು ಗಂಟೆಗೆ ನನಗೆ ಈಗ ಯಾವ ಕ್ಲಾಸೂ ಇಲ್ಲ.”

ಮೊದಲ ವಾರ ಕಾಗದ ಸಿಕ್ಕಿಸಿಕೊಂಡು ಯಂತ್ರ ಕಿರುಚಿತು, ಒಬ್ಬನ ಇಡೀ ನೋಟ್ಸನ್ನು ತಲೆಕೆಳಗಾಗಿ ಬೈಂಡ್ ಮಾಡಿಕೊಟ್ಟೆ. ಎಚ್ಚರಿಕೆ ಪತ್ರ ತಂದವರಿಗೆ ಮಾತ್ರ ಪೆನ್ಸಿಲಿನಲ್ಲಿ ಸರಿಯಾದ ಅಂಕಿ ಬರೆದುಕೊಟ್ಟೆ. ಈಗ ಕಿಟಕಿಯಲ್ಲೂ ಅದೇ ಅಂಕಿ ಬರೆಯುತ್ತೇನೆ, ಆದರೂ ಹುಡುಗರು ಅಂಗಡಿಗೆ ಬಂದು ಇನ್ನೊಮ್ಮೆ ಕೇಳಿಯೇ ನಂಬುತ್ತಾರೆ.

ಒಂದು ಸಂಜೆ ನನಗೆ ಜ್ವರ ಬಂತು. ಎದ್ದು ಅಂಗಿ ಹಾಕಿಕೊಳ್ಳುವುದನ್ನು ನೋಡಿ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ಮೈ ಕಾದ ಹೆಂಚಾಗಿದೆ. ಒಂದು ದಿನ ಹೋಗದಿದ್ರೆ ಏನಾಗತ್ತೆ?”

“ನಾನು ಹೋಗದಿದ್ರೆ ಅವಳು ಕ್ಲಾಸಿಗೆ ಹೋಗಲ್ಲ ಕಣೇ. ಒಂದು ತಪ್ಪಿದ್ರೆ ಮೂರು.”

ಹೆಂಡತಿ ನನ್ನ ಮುಖ ನೋಡಿದಳು. ಫ್ಲಾಸ್ಕು ತುಂಬಿಸಿಕೊಂಡು, “ನಡೀರಿ, ನಾನೂ ಬರ್ತೀನಿ” ಅಂತ ಚಪ್ಪಲಿ ಮೆಟ್ಟಿದಳು. ಆ ಸಂಜೆ ಸ್ಟೂಲಿನ ಮೇಲೆ ನಾನು ನಡುಗುತ್ತಾ ಕೂತಿದ್ದೆ, ಪ್ರತಿ ತೆಗೆದವಳು ಅವಳು. ನನಗಿಂತ ಚೆನ್ನಾಗಿ ತೆಗೆದಳು.

ಎಂಟು ಗಂಟೆಗೆ ಜೆರಾಕ್ಸ್ ಅಕ್ಕ ಪುಸ್ತಕ ಎದೆಗವಚಿಕೊಂಡು ರಸ್ತೆ ದಾಟಿ ಬಂದಳು. ಅವಳ ಹಾಜರಿಯನ್ನು ನಾನು ದಿನಾ ಒಂದು ಚೀಟಿಯಲ್ಲಿ ಗೀಟೆಳೆದು ಇಡುತ್ತಿದ್ದೆ.

“ಎಷ್ಟಾಯ್ತು ಸರ್?”

“ನಲವತ್ತೊಂದಕ್ಕೆ ನಲವತ್ತೊಂದು.”

“ಆವತ್ತೂ ನಿಮ್ಮ ಲೆಕ್ಕ ನಂಬಿದ್ದೆ ಸರ್, ಬೇಜಾರು ಮಾಡ್ಕೋಬೇಡಿ,” ಅಂತ ಚೀಟಿ ಇಸಿದುಕೊಂಡಳು. ಕಿವಿಯಿಂದ ಪೆನ್ಸಿಲು ತೆಗೆದು, ದೀಪದ ಕೆಳಗೆ ಹಿಡಿದು, ಒಂದೊಂದೇ ಗೀಟಿನ ಮೇಲೆ ತುದಿ ಇಟ್ಟು ಎಣಿಸಿದಳು. ಹೆಂಡತಿಯೂ ಬಗ್ಗಿ ಜೊತೆಗೆ ಎಣಿಸಿದಳು. ನಾನು ಸ್ಟೂಲಿನ ಮೇಲೆ ಕಾದೆ.

“ಸರಿಯಿದೆ ಸರ್,” ಅಂದಳು.